ವಾಲ್ವ್ ತೆಗೆ ಎಂದರೆ ಏನು ಮಾಡಬೇಕು?

ಕೇಳುಗರಿಗೆ ನಮಸ್ಕಾರ.

“ವಾಲ್ವ್ ತೆಗೆ.” ಎರಡೇ ಮಾತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ವಿಭಾಗದ ಮೇಲ್ವಿಚಾರಕನಾಗಿರುವ ನಾನು ಒಂದು ಮಧ್ಯಾಹ್ನ ಇಷ್ಟು ಹೇಳಿ ಬೆನ್ನು ತಿರುಗಿಸಿದೆ. ಅರ್ಧ ನಿಮಿಷವಾಗಿರಬೇಕು, ಹಿಂದಿನಿಂದ ಸುಯ್ಯೆಂದು ಗಾಳಿ ನುಗ್ಗುವ ಸದ್ದು. ತಿರುಗಿ ನೋಡಿದರೆ ಬಿಹಾರದ ಹುಡುಗ ಸ್ಪ್ಯಾನರ್ ಹಿಡಿದು ಗಾಳಿ ಕೊಳವೆಯಿಂದ ವಾಲ್ವನ್ನೇ ಬಿಚ್ಚುತ್ತಿದ್ದಾನೆ. ಕೊಳವೆಯಲ್ಲಿದ್ದುದು 6 ಬಾರ್ ಒತ್ತಡ, ಹೆಚ್ಚುಕಡಿಮೆ ಲಾರಿಯ ಟೈರಿನೊಳಗೆ ಇರುವಷ್ಟು. ಇನ್ನೆರಡು ಸುತ್ತು ತಿರುಗಿಸಿದ್ದರೆ ವಾಲ್ವ್ ಅವನ ಮುಖಕ್ಕೇ ಹಾರುತ್ತಿತ್ತು. ಓಡಿಹೋಗಿ ಕೈ ಹಿಡಿದೆ. ಬೈಯಲು ಬಾಯಿ ತೆರೆದವನು ಹಾಗೆಯೇ ನಿಂತೆ, ಏಕೆಂದರೆ ಅವನು ನಾನು ಹೇಳಿದ್ದನ್ನೇ ಮಾಡುತ್ತಿದ್ದ.

ಬಾಗಿಲು ತೆಗೆ ಎಂದರೆ ತೆರೆಯುವುದು. ಚಪ್ಪಲಿ ತೆಗೆ ಎಂದರೆ ಕಳಚುವುದು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ನಾನು ಹೇಳಿದ್ದು ತೆರೆಯಲು. ಹುಟ್ಟಿನಿಂದ ಕನ್ನಡ ಆಡಿದವರಿಗೆ ಸಂದರ್ಭವೇ ದಾರಿ ತೋರಿಸುತ್ತದೆ. ಅದಕ್ಕೆ ಎಂಟು ತಿಂಗಳ ಹಿಂದೆಯಷ್ಟೇ ಬೆಂಗಳೂರಿಗೆ ಬಂದಿದ್ದ ಹುಡುಗ ನನ್ನ ‘ತೆಗೆ’ಯನ್ನು ತನ್ನ ಹಿಂದಿಯ ‘ಖೋಲೋ’ ಮಾಡಿಕೊಂಡ. ಆ ಭಾಷೆಯದೂ ಅದೇ ಕಥೆ: ಬಾಗಿಲು ತೆರೆಯುವುದಕ್ಕೂ ಖೋಲೋ, ನಟ್ಟು ಬಿಚ್ಚುವುದಕ್ಕೂ ಖೋಲೋ. ಗಾಳಿ ನಿಲ್ಲಿಸಿದ ಮೇಲೆಯೇ ಸಾರ್ ಹೇಳಿರುತ್ತಾರೆ ಎಂದು ನಂಬಿ ಅವನು ಸ್ಪ್ಯಾನರ್ ಎತ್ತಿಕೊಂಡಿದ್ದ.

ನಮ್ಮ ಪಾಳಿಯಲ್ಲಿ ಒಂಬತ್ತು ಜನ. ತುಮಕೂರಿನ ಕಡೆಯ ಹಿರಿಯ ಫಿಟ್ಟರ್ ಒಬ್ಬರು, ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ರಾಯಚೂರಿನವರು ಇಬ್ಬರು, ಹೊಸೂರಿನಿಂದ ದಿನಾ ಬಂದುಹೋಗುವ ತಮಿಳಿನವರು ಇಬ್ಬರು, ಬಿಹಾರದ ಹುಡುಗ, ಒಡಿಶಾದವನೊಬ್ಬ, ಕೇರಳದಿಂದ ಬಂದ ಎಂಜಿನಿಯರ್ ಮೇಡಂ, ಮತ್ತೆ ನಾನು. ಬೆಳಗಿನ ಪಾಳಿ ಆರರಿಂದ ಎರಡು. ಎರಡು ಗಂಟೆಗೆ ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸಬೇಕು. ಯಾವ ಯಂತ್ರ ಹೇಗಿದೆ, ಏನು ಮಾಡಿದ್ದೇವೆ, ಏನು ಬಾಕಿ ಎಂದು ಹೇಳಿ ರಿಜಿಸ್ಟರಿನಲ್ಲಿ ಬರೆಯಬೇಕು.

ಇಷ್ಟು ಭಾಷೆಗಳಿದ್ದರೂ ಕೆಲಸ ಹೇಗೋ ನಡೆಯುತ್ತಿತ್ತು, ಹಾಗಾಗಿ ತೊಂದರೆ ಇದೆಯೆಂದು ಯಾರಿಗೂ ಅನ್ನಿಸಿರಲಿಲ್ಲ. ಆ ವಾಲ್ವಿನ ಪ್ರಸಂಗವಾದ ಮೇಲೆ ಕೂತು ಯೋಚಿಸಿದಾಗ ನನಗೆ ಒಂದು ವಿಷಯ ಹೊಳೆಯಿತು. ಕಾರ್ಖಾನೆಯಲ್ಲಿ ವಸ್ತುಗಳ ಹೆಸರೆಲ್ಲ ಇಂಗ್ಲಿಷಿನವೇ. ಬೇರಿಂಗ್, ಪಂಪ್, ವಾಲ್ವ್, ಸ್ಪಿಂಡಲ್ ಎಂಬ ಮಾತುಗಳು ತಮಿಳಿನವರಿಗೂ ಅವೇ, ಒಡಿಶಾದವನಿಗೂ ಅವೇ. ಮಾತಿನಲ್ಲಿ ಈ ಪದಗಳು ಕಿವಿಗೆ ಬಿದ್ದ ಕೂಡಲೇ ಎಲ್ಲರಿಗೂ ಅರ್ಥವಾದಂತೆ ಭಾಸವಾಗುತ್ತದೆ. ಆದರೆ ಆ ವಸ್ತುವಿಗೆ ಏನು ಮಾಡಬೇಕು, ಮಾಡಿದ್ದಾಗಿದೆಯೋ ಇಲ್ಲವೋ, ಯಾವಾಗ ಎಂಬುದನ್ನು ಒಬ್ಬೊಬ್ಬರೂ ತಮ್ಮ ಭಾಷೆಯಲ್ಲೇ ಹೇಳುತ್ತಾರೆ. ತಪ್ಪುಗಳೆಲ್ಲ ಅಲ್ಲಿಯೇ.

‘ಹಾಕು’ ಎಂಬುದನ್ನೇ ನೋಡಿ. ಬಾಗಿಲು ಹಾಕಿದರೆ ಮುಚ್ಚುತ್ತದೆ, ದೀಪ ಹಾಕಿದರೆ ಉರಿಯುತ್ತದೆ. ಹಾಗಾದರೆ ವಾಲ್ವ್ ಹಾಕಿದರೆ ನೀರು ಬರುತ್ತದೆಯೋ ನಿಲ್ಲುತ್ತದೆಯೋ? ನಮ್ಮ ರಾಯಚೂರಿನವರಿಗೂ ತುಮಕೂರಿನ ಅಣ್ಣನಿಗೂ ಇದರಲ್ಲಿ ಒಮ್ಮತ ಇರಲಿಲ್ಲ, ಎಲ್ಲರೂ ಕನ್ನಡಿಗರೇ! ಆಡುಮಾತಿನ ‘ಆಯಿಲ್ ಹಾಕಿಲ್ಲ’ ಮತ್ತು ‘ಆಯಿಲ್ ಹಾಕಲ್ಲ’ ಎಂಬೆರಡರ ನಡುವೆ ಇರುವುದು ಒಂದು ಸ್ವರದ ವ್ಯತ್ಯಾಸ. ಒಂದು ಬಾಕಿ ಇರುವ ಕೆಲಸ, ಇನ್ನೊಂದು ಮಾಡಬಾರದ ಕೆಲಸ. ಯಂತ್ರಗಳ ಗದ್ದಲದ ನಡುವೆ ಕನ್ನಡ ಕಲಿಯುತ್ತಿರುವವನಿಗೆ ಎರಡೂ ಒಂದೇ ಕೇಳಿಸುತ್ತದೆ. ಹಿಂದಿಯ ‘ಕಲ್’ ಅಂತೂ ನಿನ್ನೆಯೂ ಹೌದು, ನಾಳೆಯೂ ಹೌದು. ಕ್ರಿಯಾಪದ ಹಿಡಿದರೆ ಗೊತ್ತಾಗುತ್ತದೆ, ಸರಿ, ಆದರೆ ಅರೆಬರೆ ಹಿಂದಿಯವನು ಕ್ರಿಯಾಪದ ಬರುವಷ್ಟರಲ್ಲಿ ತಲೆಯಾಡಿಸಿ ಹೋಗಿರುತ್ತಾನೆ. ಬೆಲ್ಟ್ ನಿನ್ನೆ ಬದಲಿಸಿದ್ದಾಗಿದೆ ಎಂದುಕೊಂಡು ಬಿಟ್ಟು, ಅದು ನಾಳೆ ಬದಲಿಸಬೇಕಾದದ್ದಾಗಿತ್ತು ಎಂದು ಬೆಲ್ಟ್ ಕಿತ್ತುಬಂದ ಮೇಲೆ ತಿಳಿದದ್ದು ನಮ್ಮಲ್ಲೇ ಆಗಿದೆ.

ವಿಮಾನಯಾನದವರು ಈ ಪಾಠವನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿತರು. 1977ರಲ್ಲಿ ಟೆನರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲಿ ಮಂಜಿತ್ತು, ಅವಸರವಿತ್ತು, ಬೇರೆ ಕಾರಣಗಳೂ ಇದ್ದವು. ಅವುಗಳ ಜೊತೆಗೆ ಮಾತಿನ ಗೊಂದಲವೂ ಇತ್ತು. ನೆದರ್ಲೆಂಡ್ಸಿನ ವಿಮಾನದಿಂದ ಇಂಗ್ಲಿಷಿನಲ್ಲಿ ಬಂದ ಒಂದು ವಾಕ್ಯವನ್ನು ನಿಯಂತ್ರಣ ಗೋಪುರದವರು ‘ಹಾರಲು ಸಿದ್ಧರಾಗಿ ನಿಂತಿದ್ದೇವೆ’ ಎಂದು ತಿಳಿದರು. ವಿಮಾನ ಆಗಲೇ ಓಡತೊಡಗಿತ್ತು. ಆಮೇಲೆ ‘ಟೇಕಾಫ್’ ಎಂಬ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಹಿಂದೆಗೆದುಕೊಳ್ಳುವಾಗ ಮಾತ್ರ ಬಳಸಬೇಕು, ಉಳಿದ ಕಡೆ ಬೇರೆ ಪದ ಎಂದು ಕಟ್ಟುನಿಟ್ಟು ಮಾಡಿದರು.

ನಾವೂ ಅಷ್ಟನ್ನೇ ಮಾಡಿದೆವು. ಒಂದು ಶನಿವಾರ ಊಟದ ನಂತರ ಒಂಬತ್ತು ಜನ ವರ್ಕ್‌ಬೆಂಚಿನ ಸುತ್ತ ನಿಂತು ಅಪಾಯವಿರುವ ಕೆಲಸಗಳಿಗೆ ಹನ್ನೆರಡು ಮಾತು ಗೊತ್ತುಮಾಡಿಕೊಂಡೆವು. ವಾಲ್ವಿಗೆ ಓಪನ್ ಮತ್ತು ಕ್ಲೋಸ್, ಸ್ವಿಚ್ಚಿಗೆ ಆನ್ ಮತ್ತು ಆಫ್. ಇವು ಇಂಗ್ಲಿಷಿನವು, ಯಾರೂ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಕಳಚುವುದಕ್ಕೆ ‘ಬಿಚ್ಚು’ ಇರಲಿ ಎಂದು ಒಡಿಶಾದವನೇ ಹೇಳಿದ. ಅದು ಕನ್ನಡದ್ದು, ಬೇರೆ ಯಾವುದರ ಜೊತೆಗೂ ಕಲಸುವುದಿಲ್ಲ, ಗದ್ದಲದಲ್ಲೂ ಕೇಳುತ್ತದೆ. ‘ನಿಲ್ಲಿಸು’ ಉದ್ದವಾಯಿತೆಂದು ‘ಸ್ಟಾಪ್’ ಬಂತು. ‘ತೆಗೆ’, ‘ಹಾಕು’, ‘ಖೋಲೋ’ ಮೂರನ್ನೂ ಯಂತ್ರದ ಹತ್ತಿರ ಬಳಸುವಂತಿಲ್ಲ ಎಂದಾಯಿತು. ಅಭ್ಯಾಸಬಲದಿಂದ ಅತಿ ಹೆಚ್ಚು ಸಲ ತಪ್ಪಿದವನು ನಾನೇ, ಒಪ್ಪಿಕೊಳ್ಳುತ್ತೇನೆ. ರಿಜಿಸ್ಟರಿನಲ್ಲಿ ನಿನ್ನೆ, ನಾಳೆ, ಆಮೇಲೆ ಎಂದು ಬರೆಯುವಂತಿಲ್ಲ. ತಾರೀಖು ಮತ್ತು ಪಾಳಿ ಬರೆಯಬೇಕು.

ಇನ್ನು ಅರ್ಥವಾಯಿತೇ ಎಂದು ಕೇಳುವುದನ್ನೂ ಬಿಟ್ಟೆವು. ಆ ಪ್ರಶ್ನೆಗೆ ಒಂಬತ್ತು ಜನರ ನಡುವೆ ಇಲ್ಲ ಎನ್ನುವ ಧೈರ್ಯ ಯಾರಿಗಿರುತ್ತದೆ? “ಈಗ ನೀನು ಏನು ಮಾಡುತ್ತೀಯ, ಹೇಳು” ಎಂದು ಕೇಳುತ್ತೇವೆ. ಅವನು ಹಿಂದಿಯಲ್ಲಿ ಹೇಳಲಿ, ತಮಿಳಿನಲ್ಲಿ ಹೇಳಲಿ, ಕೈಸನ್ನೆಯಲ್ಲಿ ತೋರಿಸಲಿ. ಹೇಳುವಾಗ ತಪ್ಪು ತಾನಾಗಿ ಹೊರಬೀಳುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಅಪಾಯದ ಮಾತು. ಹೊರಗುಳಿಯುವುದರ ಮಾತು ಬೇರೆ, ಅದು ಸದ್ದು ಮಾಡುವುದಿಲ್ಲ. ಎರಡು ಗಂಟೆಗೆ ಪಾಳಿ ಒಪ್ಪಿಸುವ ಸಭೆ ನಮ್ಮಲ್ಲಿ ಹಿಂದಿಯಲ್ಲಿ ನಡೆಯುತ್ತಿತ್ತು. ಯಾರೂ ಹಾಗೆ ತೀರ್ಮಾನಿಸಿರಲಿಲ್ಲ. ಹಿಂದಿ ಎಲ್ಲರಿಗೂ ಬರುತ್ತದೆ ಎಂದು ಹಿಂದಿ ಬರುವವರು ಅಂದುಕೊಂಡಿದ್ದರು, ಅಷ್ಟೇ. ಹೊಸೂರಿನ ಇಬ್ಬರು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ತುಮಕೂರಿನ ಅಣ್ಣ ಸಭೆಯಲ್ಲಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ವಯಸ್ಸಾಯಿತು, ನಿವೃತ್ತಿ ಹತ್ತಿರ, ಆಸಕ್ತಿ ಇಲ್ಲ ಎಂದು ನಾನು ಭಾವಿಸಿದ್ದೆ. ಸಭೆ ಮುಗಿದು ಹತ್ತು ನಿಮಿಷಕ್ಕೆ ಸೈಕಲ್ ಸ್ಟ್ಯಾಂಡಿನ ಬಳಿ ನನ್ನನ್ನು ಹಿಡಿದು, “ಸಾರ್, ಆ ಮೂರನೇ ಮೆಷಿನ್ನು ಏನು ಮಾಡುವುದೆಂದು ಹೇಳಿದಿರಿ?” ಎಂದು ಕೇಳುತ್ತಿದ್ದರು. ಸಭೆಯಲ್ಲಿ ಬಾರದ ಪ್ರಶ್ನೆ ಸಭೆಯಾದ ಮೇಲೆ ಒಬ್ಬನನ್ನೇ ಹುಡುಕಿಕೊಂಡು ಬರುತ್ತಿದೆಯೆಂದರೆ ಭಾಷೆ ಎಡವಿದೆ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಮೊದಲು ದುಭಾಷಿಯ ದಾರಿ ಹಿಡಿದೆವು. ರಾಯಚೂರಿನವರಲ್ಲಿ ಒಬ್ಬನಿಗೆ ಕನ್ನಡ, ತೆಲುಗು, ಹಿಂದಿ, ಸ್ವಲ್ಪ ತಮಿಳೂ ಬರುತ್ತಿತ್ತು. ಎಲ್ಲವನ್ನೂ ಅವನೇ ತಿರುಗಿಸಿ ಹೇಳಬೇಕು. ಒಂದು ತಿಂಗಳಲ್ಲಿ ಅವನು ಸುಸ್ತಾದ. ಐದು ವಾಕ್ಯವನ್ನು ಒಂದು ಮಾಡತೊಡಗಿದ. ಅವನು ಬಿಟ್ಟದ್ದು ಎಲ್ಲರ ಪಾಲಿಗೂ ಇಲ್ಲವಾಯಿತು. ಅವನ ಸಂಬಳವೇನೂ ಹೆಚ್ಚಲಿಲ್ಲ ಎಂಬುದು ಬೇರೆ. ಆಮೇಲೆ ಪಾಳಿಯ ವರದಿಯನ್ನು ಕನ್ನಡದಲ್ಲಿ ಹೇಳುವುದು, ಪ್ರತಿ ಯಂತ್ರದ ಮಾತು ಮುಗಿದಾಗ ನಿಲ್ಲಿಸಿ ಇನ್ನೊಬ್ಬ ಅದನ್ನು ಹಿಂದಿಯಲ್ಲಿ ಹೇಳುವುದು, ಹೊಸೂರಿನವರಲ್ಲಿ ಒಬ್ಬ ತಮಿಳಿನಲ್ಲಿ ಸೇರಿಸುವುದು, ಈ ಕೆಲಸ ವಾರಕ್ಕೊಬ್ಬರಂತೆ ಬದಲಾಗುವುದು ಎಂದು ಮಾಡಿದೆವು. ಹದಿನೈದು ನಿಮಿಷದ ಸಭೆ ಇಪ್ಪತ್ತೈದು ನಿಮಿಷವಾಯಿತು. ಮೇಲಿನವರು ಮುಖ ಸಿಂಡರಿಸಿದರು, ಈಗಲೂ ಸಿಂಡರಿಸುತ್ತಾರೆ. ಓವರ್‌ಟೈಮ್, ರಜೆ, ಸಂಬಳದ ವಿಷಯವಾದರೆ ಒಂದೇ ಸಲಕ್ಕೆ ಎಲ್ಲ ಭಾಷೆಗಳಲ್ಲೂ ಹೇಳಿಯೇ ಸಭೆ ಬಿಡುತ್ತೇವೆ. ಮೊದಲೊಬ್ಬರಿಗೆ ತಿಳಿದು ಆಮೇಲೆ ಇನ್ನೊಬ್ಬರಿಗೆ ತಿಳಿದರೆ ಎರಡನೆಯವರು ಏನೋ ಮುಚ್ಚಿಟ್ಟಿದ್ದಾರೆ ಎಂದೇ ಎಣಿಸುತ್ತಾರೆ.

ಕಾನೂನು ಇಷ್ಟು ದೂರ ಬರುವುದಿಲ್ಲ. 1948ರ ಕಾರ್ಖಾನೆ ಕಾಯಿದೆಯ 108ನೇ ಸೆಕ್ಷನ್ ಪ್ರಕಾರ ಸೂಚನಾ ಫಲಕ ಇಂಗ್ಲಿಷಿನಲ್ಲೂ, ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಒಂದು ಭಾಷೆಯಲ್ಲೂ ಇದ್ದರೆ ಸಾಕಾಗಿತ್ತು. ಹೆಚ್ಚಿನವರು ಎಂಬ ಮಾತಿನೊಳಗೆ ಒಡಿಶಾದವನೊಬ್ಬ ಎಂದೂ ಬರುವುದಿಲ್ಲ. ಚಹಾದ ಹೊತ್ತಿನಲ್ಲಿ ಮಾತ್ರ ನಾವು ಯಾವ ನಿಯಮವನ್ನೂ ತರಲಿಲ್ಲ. ಕನ್ನಡದ ಹಾಸ್ಯವನ್ನು ನಿಷೇಧಿಸಿದರೆ ಆ ಚಹಾ ಯಾರಿಗೆ ರುಚಿಸುತ್ತದೆ? ಆದರೆ ಅಲ್ಲಿ ಕೆಲಸದ ತೀರ್ಮಾನವಾದರೆ ಅದು ರಿಜಿಸ್ಟರಿಗೆ ಬರಬೇಕು.

ಆ ರಿಜಿಸ್ಟರ್ ಮೊದಲು ಪೂರ್ತಿ ಇಂಗ್ಲಿಷಿನಲ್ಲಿತ್ತು. ಅಣ್ಣ ಹೇಳುವುದು, ಮೇಡಂ ಬರೆಯುವುದು. ಯಂತ್ರ ಹೇಗೆ ಸದ್ದು ಮಾಡಿದರೂ ಅಲ್ಲಿ ‘ಅಬ್‌ನಾರ್ಮಲ್ ನಾಯ್ಸ್’ ಎಂದೇ ಬೀಳುತ್ತಿತ್ತು. ಸಭೆ ಕನ್ನಡದಲ್ಲಿ ಶುರುವಾದ ಮೊದಲ ವಾರವೇ ಅಣ್ಣ ಎದ್ದು, “ಮೇಡಂ, ಒಂದು ಮೆಷಿನ್ನು ಕೀರಲುತ್ತದೆ, ಇನ್ನೊಂದು ಗೊಣಗುತ್ತದೆ. ಕೀರಲಿದರೆ ಗ್ರೀಸ್ ಬತ್ತಿರುತ್ತದೆ. ಗೊಣಗಿದರೆ ಬೇರಿಂಗಿನ ಗುಂಡುಗಳು ಓಡುವ ದಾರಿಯೇ ಹಾಳಾಗಿರುತ್ತದೆ, ಗ್ರೀಸ್ ತುಂಬಿ ಏನೂ ಪ್ರಯೋಜನವಿಲ್ಲ” ಎಂದರು. ಇಷ್ಟು ವರ್ಷ ನಾವು ಎರಡಕ್ಕೂ ಗ್ರೀಸ್ ತುಂಬುತ್ತಿದ್ದೆವು. ಅಂದಿನಿಂದ ರಿಜಿಸ್ಟರಿನಲ್ಲಿ ಒಂದು ಕಾಲಂ ಹೆಚ್ಚಾಯಿತು: ನೋಡಿದವನು, ಕೇಳಿದವನು ತನ್ನ ಭಾಷೆಯಲ್ಲಿ, ತನ್ನ ಲಿಪಿಯಲ್ಲಿ ಬರೆಯುವ ಜಾಗ. ಉಳಿದ ಕಾಲಂಗಳು ಇಂಗ್ಲಿಷಿನಲ್ಲೇ ಇವೆ, ಅಂಕಿ ಮತ್ತು ಭಾಗದ ಹೆಸರುಗಳಿಗೆ ಅದೇ ಸಲೀಸು.

ರಾತ್ರಿ ಪಾಳಿಯಲ್ಲಿ ಇಬ್ಬರೇ ಇರುವಾಗ ಇದಾವುದೂ ಸರಿಯಾಗಿ ನಡೆಯುವುದಿಲ್ಲ, ನಿದ್ದೆಗಣ್ಣಿನಲ್ಲಿ ಯಾರು ಎರಡು ಸಲ ಹೇಳುತ್ತಾರೆ? ಆದರೂ ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಆರು ಗಂಟೆಗೆ ನಾನು ಒಳಗೆ ಕಾಲಿಟ್ಟಾಗ, ರಾತ್ರಿ ಪಾಳಿ ಮುಗಿಸಿದ ಬಿಹಾರದ ಹುಡುಗ ಕೈ ಒರೆಸಿಕೊಳ್ಳುತ್ತಾ ಎದುರು ಬಂದ. “ಸಾರ್, ತೀನ್ ನಂಬರ್ ಗೊಣಗ್ ರಹಾ ಹೈ. ಬಿಚ್ಚು ಮಾಡಬೇಕು” ಎಂದ. ಬಿಚ್ಚಿದೆವು. ಬೇರಿಂಗಿನ ಒಳದಾರಿಯಲ್ಲಿ ಬೆರಳಿಗೆ ತಗಲುವಷ್ಟು ಗುಳಿ ಬಿದ್ದಿತ್ತು.