ಮಲಬದ್ಧತೆಗೆ ತ್ರಿಫಲಾ: ಎಷ್ಟು, ಎಷ್ಟು ದಿನ

ಕೇಳುಗರಿಗೆ ನಮಸ್ಕಾರ.

ತ್ರಿಫಲಾ ಚೂರ್ಣದಲ್ಲಿ ಇರುವುದು ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ. ಬೆಳಗಾವಿ ಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಹಿರಡಾ, ಬೇಹಡಾ ಎಂದು ಕೇಳಿದರೂ ಮೊದಲಿನ ಎರಡು ಸಿಗುತ್ತವೆ. ಮನೆಯಲ್ಲೇ ಮಾಡುವವರು ಮೂರನ್ನೂ ಸಮತೂಕ ತೆಗೆದುಕೊಳ್ಳಬೇಕು. ಆದರೆ ಇಡೀ ಕಾಯಿ ತೂಗಬೇಡಿ. ಕುಟ್ಟಿ, ಬೀಜ ಬೇರೆ ಮಾಡಿ, ಉಳಿದ ಸಿಪ್ಪೆಯನ್ನಷ್ಟೇ ತೂಗಿ. ತಾರೆಕಾಯಿಯ ಬೀಜದ ತಿರುಳು ಅಮಲು ತರುತ್ತದೆಂದು ಆಯುರ್ವೇದ ಹೇಳುತ್ತದೆ, ಹಾಗಾಗಿ ಅದು ಪುಡಿಯಲ್ಲಿ ಸೇರಲೇಬಾರದು. ನೆಲ್ಲಿಚಟ್ಟು ಉಪ್ಪು ಹಾಕದ್ದೇ ಇರಲಿ. ಕಬ್ಬಿಣದ ಒರಳಲ್ಲಿ ಕುಟ್ಟಿದರೆ ಪುಡಿ ಕಪ್ಪಾಗುತ್ತದೆ. ಕಾಯಿಯ ಒಗರು ಕಬ್ಬಿಣದೊಂದಿಗೆ ಕೂಡಿಕೊಳ್ಳುವುದೇ ಅದಕ್ಕೆ ಕಾರಣ. ಇದೇ ಕಾರಣಕ್ಕೆ ರಕ್ತಹೀನತೆಗೆ ಕಬ್ಬಿಣದ ಗುಳಿಗೆ ನುಂಗುವವರು ಅದಕ್ಕೂ ತ್ರಿಫಲಾಕ್ಕೂ ಎರಡು ತಾಸಾದರೂ ಅಂತರ ಇಡಬೇಕು.

ಈಗ ತೆಗೆದುಕೊಳ್ಳುವ ಕ್ರಮ. ಜಮಖಂಡಿ ಕಡೆಯ ಅರವತ್ತು ದಾಟಿದ ಒಬ್ಬ ಹಿರಿಯರು ಎಂದುಕೊಳ್ಳಿ. ಬೇಸಿಗೆಯ ಬಿಸಿಲು, ಕುಡಿಯುವ ನೀರು ಕಡಿಮೆ, ಎರಡು-ಮೂರು ದಿನಕ್ಕೊಮ್ಮೆ ಗಟ್ಟಿಯಾಗಿ ಸಂಡಾಸ. ಇವರು ರಾತ್ರಿ ಊಟವಾಗಿ ಎರಡು ತಾಸಿನ ಮೇಲೆ, ಮಲಗುವ ಮುಂಚೆ, ಅರ್ಧ ಚಹಾ ಚಮಚ ಪುಡಿಯನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಕುಡಿಯಲಿ. ಮೊದಲ ಎರಡು-ಮೂರು ದಿನ ಹೊಟ್ಟೆ ಗುಡುಗುಡು ಅನ್ನಬಹುದು, ಬೇರೇನೂ ಕಾಣದೇ ಇರಬಹುದು. ತಪ್ಪು ಆಗುವುದು ಇಲ್ಲಿಯೇ. ಇದು ಜಮಾಲಗೋಟಿಯಂಥ ಭೇದಿಯ ಔಷಧವಲ್ಲ. ಬೆಳಿಗ್ಗೆ ಆಗಲಿಲ್ಲವೆಂದು ಮರುದಿನ ಎರಡು ಚಮಚ ಹಾಕಿದರೆ ಹೊಟ್ಟೆ ಮುರಿದು ನೀರಾಗಿ ಹೋಗುತ್ತದೆ. ಒಂದು ವಾರ ಕಾಯಬೇಕು. ಆಗಲೂ ಬದಲಾಗದಿದ್ದರೆ ಒಂದು ಚಮಚಕ್ಕೆ, ಅಂದರೆ ಸುಮಾರು 3 ಗ್ರಾಮಿಗೆ ಏರಿಸಲಿ. ಆಕಾರ ಇದ್ದು, ತಿಣುಕದೆ, ದಿನಕ್ಕೊಮ್ಮೆ ಆಗುತ್ತಿದ್ದರೆ ಅದೇ ಸರಿಯಾದ ಅಳತೆ. ತೆಳುವಾದರೆ ಅರ್ಧಕ್ಕೆ ಇಳಿಸಬೇಕು. ಹಗಲು ನೀರು ಕುಡಿಯದಿದ್ದರೆ ಪುಡಿಯೊಂದರಿಂದಲೇ ಗುಣ ಕಾಣುವುದು ಕಷ್ಟ.

ಸರಿಹೋದ ಅಳತೆಯಲ್ಲಿ ಆರು ವಾರ ಸಾಕು. ಆಮೇಲೆ ಒಂದು ವಾರ ಅರ್ಧ ಅಳತೆ, ಮತ್ತೊಂದು ವಾರ ದಿನ ಬಿಟ್ಟು ದಿನ, ಅಲ್ಲಿಗೆ ನಿಲ್ಲಿಸುವುದು. ವರ್ಷಗಟ್ಟಲೆ ಕೇಳದೇ ನುಂಗುವುದು ನನ್ನ ಮಟ್ಟಿಗೆ ಸರಿಯಲ್ಲ: ಮಲಬದ್ಧತೆಗೆ ಕಾರಣವಾದ ಥೈರಾಯ್ಡ್ ತೊಂದರೆಯೋ, ಬೇರೆ ಗುಳಿಗೆಯೋ ಕಣ್ಣಿಗೆ ಬೀಳದೇ ಉಳಿಯುತ್ತದೆ.

ಬಸುರಿಯರು, ಭೇದಿ ಇರುವವರು ತೆಗೆದುಕೊಳ್ಳಬಾರದು. ಸಕ್ಕರೆ ಕಾಯಿಲೆಗೆ ಔಷಧ ತಗೊಳ್ಳುವವರು ಮೊದಲು ವೈದ್ಯರನ್ನು ಕೇಳಬೇಕು, ಸಕ್ಕರೆ ಇನ್ನೂ ಇಳಿಯಬಹುದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ವಾಂತಿಯೊಡನೆ ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ಚೂರ್ಣ ಬಿಟ್ಟು ಅಂದೇ ವೈದ್ಯರ ಹತ್ತಿರ ಹೋಗಿ.