ಕೇಬಲ್ ಉರಿದಾಗ ಏನನ್ನು ಬಿಡುತ್ತದೆ? – ಅಪಾರ್ಟ್‌ಮೆಂಟಿನ ಡಕ್ಟ್‌ಗೆ ತಕ್ಕ ಇನ್ಸುಲೇಷನ್

ಅಧ್ಯಕ್ಷರೇ, ನಿವಾಸಿಗಳ ಸಂಘಗಳಿಂದ ಬಂದಿರುವ ಪದಾಧಿಕಾರಿಗಳೇ, ಎಂಜಿನಿಯರ್ ಮಿತ್ರರೇ,

ಹಳೆಯ ಕಟ್ಟಡಗಳಿಗೆ ಹೊಸದಾಗಿ ವೈರಿಂಗ್ ಮಾಡಿಸುವ ಕೊಟೇಷನ್‌ಗಳನ್ನು ನಿಮ್ಮಲ್ಲಿ ಹಲವರು ಈಗಾಗಲೇ ತರಿಸಿಕೊಂಡಿದ್ದೀರಿ. ಅವುಗಳಲ್ಲಿ ಒಂದೆರಡನ್ನು ನನಗೂ ತೋರಿಸಿದ್ದೀರಿ. ತಾಮ್ರದ ದರ, ಎಂಸಿಬಿಯ ದರ, ಕೂಲಿ ಎಲ್ಲವೂ ಅವುಗಳಲ್ಲಿ ವಿವರವಾಗಿವೆ. ಕೇಬಲ್ಲಿನ ಸಾಲಿನಲ್ಲಿ ಮಾತ್ರ ‘ಎಫ್‌ಆರ್ ವೈರ್, ಉತ್ತಮ ಗುಣಮಟ್ಟ’ ಎಂದಷ್ಟೇ ಇದೆ. ಈ ಎರಡಕ್ಷರವನ್ನು ನೋಡಿ ಸಮಾಧಾನಪಟ್ಟುಕೊಳ್ಳಬಾರದು ಎಂದು ಹೇಳುವುದಕ್ಕಾಗಿಯೇ ನಾನು ಈ ಆಹ್ವಾನವನ್ನು ಒಪ್ಪಿಕೊಂಡೆ. ಎಫ್‌ಆರ್, ಅಂದರೆ ಫ್ಲೇಮ್ ರಿಟಾರ್ಡೆಂಟ್, ಎಂಬ ಗುರುತು ಬೆಂಕಿ ಎಷ್ಟು ಸುಲಭವಾಗಿ ಹಬ್ಬುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಕೇಬಲ್ ಉರಿದಾಗ ಏನನ್ನು ಬಿಡುತ್ತದೆ ಎಂಬುದನ್ನು ಹೇಳುವುದಿಲ್ಲ. ಈ ಪ್ರಶ್ನೆಯನ್ನು ನಾನು ಇಂದು ಮತ್ತೆ ಮತ್ತೆ ಕೇಳುತ್ತೇನೆ, ಸಹಿಸಿಕೊಳ್ಳಿ.

ಮೊದಲು ವಸ್ತುಗಳ ಪರಿಚಯ. ನಮ್ಮ ಮನೆಗಳ ಗೋಡೆಯೊಳಗಿನ ವೈರುಗಳಲ್ಲಿ ಬಹುಪಾಲು ಪಿವಿಸಿ ಹೊದಿಕೆಯವು. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ನೂರಕ್ಕೆ 57 ಪಾಲು, ಕ್ಲೋರಿನ್. ಈ ಕ್ಲೋರಿನ್‌ನಿಂದಾಗಿಯೇ ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಶುದ್ಧ ಪಿವಿಸಿ ಪೈಪಿನಂತೆ ಗಡುಸು. ವೈರು ಬಾಗಬೇಕಾದರೆ ಅದಕ್ಕೆ ಎಣ್ಣೆಯಂತಹ ಮೆದುಕಾರಕಗಳನ್ನು ಬೆರೆಸಬೇಕು, ಮತ್ತು ಆ ಮೆದುಕಾರಕ ಚೆನ್ನಾಗಿ ಉರಿಯುತ್ತದೆ. ಅದನ್ನು ಸರಿದೂಗಿಸಲು ಇನ್ನೊಂದಿಷ್ಟು ರಾಸಾಯನಿಕ ಸೇರಿಸಿದಾಗ ಎಫ್‌ಆರ್ ಆಗುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ವಾಹಕವನ್ನು ನಿರಂತರವಾಗಿ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಲು ಬಿಡಬಹುದು. ಅದಕ್ಕಿಂತ ಹೆಚ್ಚಾದರೆ ಹೊದಿಕೆ ಮೆತ್ತಗಾಗುತ್ತದೆ, ವರ್ಷಗಳು ಕಳೆದಂತೆ ಮೆದುಕಾರಕ ಆವಿಯಾಗಿ ಬಿರುಕು ಬಿಡುತ್ತದೆ. ಹಳೆಯ ಸ್ವಿಚ್ ಬೋರ್ಡ್ ಬಿಚ್ಚಿದಾಗ ವೈರಿನ ತುದಿ ಉಗುರು ತಾಕಿದರೆ ಪುಡಿಯಾಗುವುದನ್ನು ನೀವು ನೋಡಿರಬಹುದು.

ಎರಡನೆಯ ಹೊದಿಕೆ ಎಕ್ಸ್‌ಎಲ್‌ಪಿಇ. ಇದರ ಮೂಲ ಹಾಲಿನ ಪೊಟ್ಟಣದ ಪಾಲಿಎಥಿಲೀನ್. ಅದರ ಉದ್ದನೆಯ ಅಣುಸರಪಳಿಗಳನ್ನು ಪೆರಾಕ್ಸೈಡ್ ಇಲ್ಲವೇ ಸಿಲೇನ್ ಬಳಸಿ ಅಲ್ಲಲ್ಲಿ ಅಡ್ಡಡ್ಡಲಾಗಿ ಒಂದಕ್ಕೊಂದು ಬೆಸೆಯುತ್ತಾರೆ. ಬೆಂದ ಇಡ್ಲಿ ಮತ್ತೆ ಹಿಟ್ಟಾಗುವುದಿಲ್ಲವಲ್ಲ, ಹಾಗೆಯೇ ಬೆಸೆದ ಪಾಲಿಎಥಿಲೀನ್ ಬಿಸಿಯಾದರೂ ಮತ್ತೆ ಕರಗಿ ಹರಿಯುವುದಿಲ್ಲ. ಆದ್ದರಿಂದ ವಾಹಕ 90 ಡಿಗ್ರಿಯವರೆಗೆ ಸದಾ ನಡೆಯಬಹುದು. ಶಾರ್ಟ್ ಸರ್ಕ್ಯೂಟ್ ಆದ ಕ್ಷಣದಲ್ಲಿ, ಪಿವಿಸಿಗೆ 160 ಡಿಗ್ರಿ ಮಿತಿಯಾದರೆ ಇದಕ್ಕೆ 250. ಅದೇ ದಪ್ಪದ ಕೇಬಲ್ಲಿನಲ್ಲಿ ಹೆಚ್ಚು ಕರೆಂಟ್ ಸಾಗಿಸಬಹುದು ಎಂಬ ಕಾರಣಕ್ಕೆ ಟ್ರಾನ್ಸ್‌ಫಾರ್ಮರಿನಿಂದ ಮೀಟರ್ ಪ್ಯಾನಲ್‌ವರೆಗಿನ ದೊಡ್ಡ ಕೇಬಲ್‌ಗಳು ಇಂದು ಹೆಚ್ಚಾಗಿ ಎಕ್ಸ್‌ಎಲ್‌ಪಿಇಯವೇ. ಕೇಬಲ್ 90 ಡಿಗ್ರಿ ತಡೆಯಿತೆಂದು ಅದು ಸೇರುವ ಸ್ವಿಚ್ಚು ಸಾಕೆಟ್ಟುಗಳೂ ತಡೆಯುತ್ತವೆ ಎಂದು ಮಾತ್ರ ಭಾವಿಸಬೇಡಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘ನಮ್ಮದು ಎಕ್ಸ್‌ಎಲ್‌ಪಿಇ ಕೇಬಲ್, ಬೆಂಕಿಯ ಭಯವಿಲ್ಲ’ ಎಂದು ಒಂದು ಸಂಘದ ಕಾರ್ಯದರ್ಶಿಗಳು ನನಗೆ ಹೆಮ್ಮೆಯಿಂದ ಹೇಳಿದ್ದರು. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು ಇದೆ. ಪಾಲಿಎಥಿಲೀನ್ ಉರಿಯುತ್ತಲೇ ಇರಲು ಸುಮಾರು 18 ಪಾಲು ಸಾಕು. ಅಂದರೆ ಬೇರೇನೂ ಬೆರೆಸದ ಎಕ್ಸ್‌ಎಲ್‌ಪಿಇ ಒಮ್ಮೆ ಹೊತ್ತಿಕೊಂಡರೆ ಪಿವಿಸಿಗಿಂತ ನಿರಾತಂಕವಾಗಿ ಉರಿಯುತ್ತದೆ. ಬಿಸಿ ತಡೆಯುವುದು ಬೇರೆ, ಬೆಂಕಿ ತಡೆಯುವುದು ಬೇರೆ. ಇನ್ನೂ ಒಂದು ವಿಷಯ: ಅಂಗಡಿಯಲ್ಲಿ ಎಕ್ಸ್‌ಎಲ್‌ಪಿಇ ಎಂದು ಕೊಡುವ, ಭಾರತೀಯ ಮಾನಕ ಐಎಸ್ 7098ರ ಮೊದಲ ಭಾಗಕ್ಕೆ ಹೊಂದುವ ಆರ್ಮರ್ಡ್ ಕೇಬಲ್ಲಿನ ಹೊರಕವಚ ಪಿವಿಸಿಯದು. ಹೆಸರಿನಲ್ಲಿ ಇಲ್ಲದ ಪಿವಿಸಿ ಹೊಗೆಯಲ್ಲಿ ಇರುತ್ತದೆ.

ಈಗ ನನ್ನ ಮೆಚ್ಚಿನ ಕಥೆಗೆ ಬರುತ್ತೇನೆ. ಇದನ್ನು ಹಿಂದೆ ನನ್ನಿಂದಲೇ ಕೇಳಿದವರು ಸಭೆಯಲ್ಲಿ ಇದ್ದರೆ ಕ್ಷಮಿಸಬೇಕು. 1975ರ ಮಾರ್ಚ್ 22. ಅಮೆರಿಕದ ಅಲಬಾಮಾದಲ್ಲಿರುವ ಬ್ರೌನ್ಸ್ ಫೆರಿ ಅಣುವಿದ್ಯುತ್ ಸ್ಥಾವರ. ನಿಯಂತ್ರಣ ಕೊಠಡಿಯ ಕೆಳಗಿನ ಕೇಬಲ್ ಕೋಣೆಯಿಂದ ರಿಯಾಕ್ಟರ್ ಕಟ್ಟಡಕ್ಕೆ ಕೇಬಲ್‌ಗಳು ಗೋಡೆಯ ರಂಧ್ರಗಳ ಮೂಲಕ ಹೋಗುತ್ತವೆ. ಆ ಸಂದುಗಳನ್ನು ಪಾಲಿಯುರಿಥೇನ್ ಫೋಮ್‌ನಿಂದ ಮುಚ್ಚುತ್ತಿದ್ದರು. ಗಾಳಿ ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕಿತ್ತು. ಅಣುಸ್ಥಾವರ ಕಟ್ಟಬಲ್ಲ ದೇಶದಲ್ಲಿ ಈ ಪರೀಕ್ಷೆಗೆ ಬಳಸಿದ ಉಪಕರಣ ಯಾವುದು ಗೊತ್ತೇ? ಹೊತ್ತಿಸಿದ ಮೇಣದ ಬತ್ತಿ! ಜ್ವಾಲೆ ಯಾವ ಕಡೆಗೆ ಬಾಗುತ್ತದೆಯೋ ಅಲ್ಲಿ ಸೋರಿಕೆ ಇದೆ ಎಂದು ಲೆಕ್ಕ. ಜ್ವಾಲೆ ಬಾಗಿತು, ಫೋಮ್‌ಗೆ ತಾಕಿತು, ಸೋರಿಕೆ ಇದ್ದದ್ದಂತೂ ಸಂಶಯವಿಲ್ಲದೆ ಸಾಬೀತಾಯಿತು. ಗಾಳಿ ಸೆಳೆಯುತ್ತಿದ್ದ ದಿಕ್ಕಿನಲ್ಲೇ ಬೆಂಕಿ ಗೋಡೆಯ ಆಚೆಗೆ ಹೋಗಿ ಟ್ರೇಗಳಲ್ಲಿ ಪದರ ಪದರವಾಗಿ ಮಲಗಿದ್ದ ಕೇಬಲ್‌ಗಳನ್ನು ಹಿಡಿಯಿತು. ವಿದ್ಯುತ್ ಇರುವ ಕಡೆ ನೀರು ಹಾಕಬಹುದೇ ಎಂಬ ಅನುಮಾನದಲ್ಲಿ ಗಂಟೆಗಳು ಕಳೆದವು. ಅಗ್ನಿಶಾಮಕ ದಳದವರು ನೀರು ಹಾಕೋಣ ಎನ್ನುತ್ತಿದ್ದರು, ಸ್ಥಾವರದವರು ಒಪ್ಪಲಿಲ್ಲ; ಕೊನೆಗೆ ಒಪ್ಪಿ ನೀರು ಹಾಕಿದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಆರಿತು. ಅಷ್ಟರಲ್ಲಿ ಸುಮಾರು ಏಳು ಗಂಟೆ ಉರಿದು 1,600ಕ್ಕೂ ಹೆಚ್ಚು ಕೇಬಲ್‌ಗಳು ಹಾಳಾಗಿದ್ದವು.

ಒಂಟಿ ವೈರು ತಾನಾಗಿ ಆರಿಹೋಗುವಲ್ಲಿ ಕೇಬಲ್‌ಗಳ ಕಟ್ಟು ಆರುವುದಿಲ್ಲ, ಏಕೆಂದರೆ ಒಂದರ ಶಾಖ ಪಕ್ಕದ್ದನ್ನು ಕಾಯಿಸುತ್ತದೆ. ಎಲ್ಲ ಮಹಡಿಗಳ ಕೇಬಲ್‌ಗಳೂ ಒಟ್ಟಾಗಿ ಏರುವ ಅಪಾರ್ಟ್‌ಮೆಂಟಿನ ಡಕ್ಟ್ ಎಂದರೆ ನೆಟ್ಟಗೆ ನಿಲ್ಲಿಸಿದ ಬ್ರೌನ್ಸ್ ಫೆರಿ ಟ್ರೇ. ದೂರ ಹೋಗುವುದೇಕೆ? 2010ರ ಫೆಬ್ರವರಿ 23ರಂದು ನಮ್ಮ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಡಕ್ಟ್‌ನಲ್ಲಿ ಕಾಣಿಸಿಕೊಂಡ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಒಂಬತ್ತು ಜನ ತೀರಿಕೊಂಡರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು.

ಒಂದು ಲೆಕ್ಕ ಮಾಡೋಣ. ಹತ್ತು ಮಹಡಿ, ಮಹಡಿಗೆ ನಾಲ್ಕು ಮನೆ, ಮೀಟರುಗಳೆಲ್ಲ ಕೆಳಗೆ ಪಾರ್ಕಿಂಗ್‌ನಲ್ಲಿ. ಪ್ರತಿ ಮನೆಗೆ ಫೇಸ್, ನ್ಯೂಟ್ರಲ್, ಅರ್ತ್ ಎಂದು 10 ಚದರ ಮಿಲಿಮೀಟರಿನ ಮೂರು ವೈರು ಎಂದಿಟ್ಟುಕೊಂಡರೆ, ಡಕ್ಟ್‌ನ ಕೆಳಭಾಗದಲ್ಲಿ 120 ವೈರುಗಳು ಒಟ್ಟಿಗೆ ಏರುತ್ತವೆ. ಅಂತಹ ಒಂದು ವೈರಿನ ಒಂದು ಮೀಟರಿನಲ್ಲಿ ಸುಮಾರು 25 ಗ್ರಾಂ ಪಿವಿಸಿ ಇರುತ್ತದೆ. ಅಂದರೆ ಡಕ್ಟ್‌ನ ಪ್ರತಿ ಮೀಟರಿಗೆ ಮೂರು ಕಿಲೋ ಪ್ಲಾಸ್ಟಿಕ್, ಗಾತ್ರದಲ್ಲಿ ಎರಡು ಲೀಟರ್. ಕಟ್ಟಾಗಿ ಸುಡುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ‘ಸಿ’ ವರ್ಗದ ಕೇಬಲ್ಲಿಗೆ ಮೀಟರಿಗೆ ಒಂದೂವರೆ ಲೀಟರ್ ಪ್ಲಾಸ್ಟಿಕ್ ಇಟ್ಟು ಪರೀಕ್ಷಿಸುತ್ತಾರೆ, ‘ಬಿ’ ವರ್ಗಕ್ಕೆ ಮೂರೂವರೆ ಲೀಟರ್. ನಮ್ಮ ಡಕ್ಟ್ ‘ಸಿ’ಯನ್ನು ಆಗಲೇ ದಾಟಿದೆ. ಆದ್ದರಿಂದ ಡಕ್ಟ್‌ನ ಕೇಬಲ್ಲಿಗೆ ಒಂಟಿ ವೈರಿನ ಪರೀಕ್ಷಾ ಪತ್ರ ಸಾಲದು.

ಇನ್ನು ಅದು ಏನನ್ನು ಬಿಡುತ್ತದೆ? ಪಿವಿಸಿ ಸುಟ್ಟಾಗ ಹೊರಬರುವ ಹೈಡ್ರೋಜನ್ ಕ್ಲೋರೈಡ್ ಕಣ್ಣಿನ, ಗಂಟಲಿನ ತೇವವನ್ನು ಸೇರಿ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಕಣ್ಣು ಮುಚ್ಚಿಹೋಗುತ್ತದೆ, ಮೆಟ್ಟಿಲು ಎದುರಿಗಿದ್ದರೂ ಕಾಣುವುದಿಲ್ಲ. ಐಎಸ್ 694ರ ಬರಿಯ ಎಫ್‌ಆರ್ ವರ್ಗದಲ್ಲಿ ಈ ಅನಿಲಕ್ಕೆ ಮಿತಿಯೇ ಇಲ್ಲ. ಅದೇ ಮಾನಕದ ಎಫ್‌ಆರ್-ಎಲ್‌ಎಸ್‌ಎಚ್, ಅಂದರೆ ಕಡಿಮೆ ಹೊಗೆ, ಕಡಿಮೆ ಹ್ಯಾಲೊಜನ್ ವರ್ಗದಲ್ಲಿ ಹೊಗೆಗೂ ಮಿತಿ ಇದೆ, ಆಮ್ಲಾನಿಲ ತೂಕದ ನೂರಕ್ಕೆ 20 ಪಾಲು ಮೀರಬಾರದು ಎಂದೂ ಇದೆ. ಕೇಳಲು ಚೆನ್ನಾಗಿದೆ. ಆದರೆ ಈ ಮಿತಿಯಲ್ಲೇ ಇರುವ ನಮ್ಮ ವೈರು ಒಂದು ಮೀಟರು ಉರಿದರೆ ಐದು ಗ್ರಾಂ, ಅಂದರೆ ಮೂರು ಲೀಟರಿಗೂ ಹೆಚ್ಚು ಅನಿಲ. ಲಿಫ್ಟ್ ಮುಂದಿನ ಲಾಬಿ ನಾಲ್ಕು ಮೀಟರ್ ಉದ್ದ, ಮೂರು ಅಗಲ, ಮೂರು ಎತ್ತರ ಇದ್ದರೆ ಅದರ ಗಾಳಿ 36,000 ಲೀಟರ್. ಹತ್ತು ಲಕ್ಷಕ್ಕೆ 50 ಪಾಲು ಹೈಡ್ರೋಜನ್ ಕ್ಲೋರೈಡ್ ಇದ್ದರೆ ಜೀವಕ್ಕೆ ತಕ್ಷಣದ ಅಪಾಯ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಗುರುತಿಸಿದೆ. ಆ ಲಾಬಿ ಈ ಮಟ್ಟ ಮುಟ್ಟಲು ಒಂದು ವೈರಿನ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಉರಿದರೆ ಸಾಕು. ಅನಿಲದ ಒಂದಂಶ ಗೋಡೆಗೆ ಹಿಡಿಯುತ್ತದೆ, ಒಂದಂಶ ಹೊರಗೆ ಹೋಗುತ್ತದೆ, ನಿಜ. ಆದರೆ ಡಕ್ಟ್‌ನಲ್ಲಿರುವುದು ಅರ್ಧ ಮೀಟರಲ್ಲ, ಒಂದು ವೈರೂ ಅಲ್ಲ.

ಮೂರನೆಯದು ಕ್ಲೋರಿನ್ ಮತ್ತು ಅದರ ಜಾತಿಯ ಹ್ಯಾಲೊಜನ್‌ಗಳು ಇಲ್ಲದ ಕೇಬಲ್, ಎಚ್‌ಎಫ್‌ಎಫ್‌ಆರ್. ಇದರ ಮಾನಕ ಐಎಸ್ 17048, 2018ರದು. ಪಾಲಿಎಥಿಲೀನ್ ಜಾತಿಯ ಪ್ಲಾಸ್ಟಿಕ್ಕಿಗೆ, ತೂಕದಲ್ಲಿ ಅರ್ಧಕ್ಕೂ ಮಿಗಿಲಾಗಿ, ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ನಂತಹ ಪುಡಿಯನ್ನು ತುಂಬುತ್ತಾರೆ. ಸುಮಾರು 200 ಡಿಗ್ರಿ ದಾಟಿದಾಗ ಆ ಪುಡಿ ಒಡೆದು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ನೀರನ್ನು ಆವಿಯಾಗಿ ಬಿಡುತ್ತದೆ. ಅದು ಶಾಖವನ್ನು ಹೀರುತ್ತದೆ, ಉಳಿದ ಬೂದಿ ಹೊದಿಕೆಯಾಗಿ ನಿಲ್ಲುತ್ತದೆ. ಆಮ್ಲಾನಿಲದ ಮಿತಿ ನೂರಕ್ಕೆ ಅರ್ಧ ಪಾಲು, ಅಂದರೆ ಹಿಂದಿನದರ ನಲವತ್ತನೆಯ ಒಂದಂಶ. ಅದೇ ಲಾಬಿ ಕೆಡಲು ಈಗ ಇಪ್ಪತ್ತು ಮೀಟರಿಗೂ ಹೆಚ್ಚು ವೈರು ಉರಿಯಬೇಕು. ಇದರ ಹೊಗೆ ಅಮೃತವಲ್ಲ. ಕಾರ್ಬನ್ ಮೋನಾಕ್ಸೈಡ್ ಇದರಲ್ಲೂ ಇದೆ. ಆದರೆ ಹೊಗೆ ತೆಳುವಾಗಿದ್ದು ಕಣ್ಣು ತೆರೆದಿರುವುದರಿಂದ ಮೆಟ್ಟಿಲು ಹುಡುಕಿ ಇಳಿಯಲು ಸಮಯ ಸಿಗುತ್ತದೆ. ದೋಷವೂ ಇದೆ: ಪುಡಿ ತುಂಬಿದ ಹೊದಿಕೆ ಪಿವಿಸಿಯಷ್ಟು ಗಟ್ಟಿಯಲ್ಲ. ಪೈಪಿನ ಬೆಂಡಿನಲ್ಲಿ ಬಲವಾಗಿ ಎಳೆದರೆ ಬಿಳಿಯ ಗೀರು ಬೀಳುತ್ತದೆ, ಚೂಪಾದ ಅಂಚಿನಲ್ಲಿ ಸೀಳುತ್ತದೆ. ಎಳೆಯುವವರಿಗೆ ಇದನ್ನು ಮೊದಲೇ ಹೇಳಿರಬೇಕು. ಬೆಲೆಯೂ ಹೆಚ್ಚು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ, ಬರೆದುಕೊಂಡದ್ದರಲ್ಲಿ ಅರ್ಧ ಉಳಿದಿದೆ. ಹಣ ಕಡಿಮೆ ಇದ್ದರೆ ಮೊದಲು ಡಕ್ಟ್, ಲಾಬಿ ಮತ್ತು ಮೆಟ್ಟಿಲಿನ ಕೇಬಲ್‌ಗಳನ್ನು ಎಚ್‌ಎಫ್‌ಎಫ್‌ಆರ್ ಮಾಡಿಸಿ, ಮನೆಯೊಳಗೆ ಎಫ್‌ಆರ್-ಎಲ್‌ಎಸ್‌ಎಚ್‌ಗಿಂತ ಕೆಳಗಿಳಿಯಬೇಡಿ. ಆರ್ಮರ್ಡ್ ಕೇಬಲ್ ತರಿಸುವಾಗ ಹೊರಕವಚವೂ ಹ್ಯಾಲೊಜನ್ ಇಲ್ಲದ್ದಿರಲಿ ಎಂದು ಆರ್ಡರಿನಲ್ಲೇ ಬರೆಯಿರಿ. ಪ್ರತಿ ಮಹಡಿಯ ಸ್ಲ್ಯಾಬ್‌ನಲ್ಲಿ ಕೇಬಲ್ ಹಾದ ರಂಧ್ರಗಳನ್ನು ಬೆಂಕಿ ತಡೆಯುವ ಮಸಾಲೆಯಿಂದ ಮುಚ್ಚಿಸಿ. ಫೋಮ್ ಬೇಡ, ಮೇಣದ ಬತ್ತಿ ಖಂಡಿತ ಬೇಡ.

ಬಂದ ಸರಕು ಎಚ್‌ಎಫ್‌ಎಫ್‌ಆರ್ ಹೌದೋ ಅಲ್ಲವೋ ಎಂದು ತಿಳಿಯಲು ಡಬ್ಬಿಯ ಮೇಲಲ್ಲ, ವೈರಿನ ಮೈಮೇಲೆ ಮುದ್ರಿಸಿದ ಮಾನಕದ ಸಂಖ್ಯೆಯನ್ನು ಓದಿ. ಅನುಮಾನವಿದ್ದರೆ ತೆರೆದ ಜಾಗದಲ್ಲಿ ತಾಮ್ರದ ತಂತಿಯೊಂದನ್ನು ಜ್ವಾಲೆಯಲ್ಲಿ ಬಣ್ಣ ಬಾರದಷ್ಟು ಕಾಯಿಸಿ, ಹೊದಿಕೆಯ ಚೂರಿಗೆ ಒತ್ತಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಜ್ವಾಲೆ ಬಂದರೆ ಅದರಲ್ಲಿ ಕ್ಲೋರಿನ್ ಇದೆ. ಸರಕು ವಾಪಸು ಕಳುಹಿಸಿ, ಪ್ರಯೋಗಾಲಯದ ವರದಿ ಕೇಳಿ.

ಕೊನೆಯ ಮಾತು ಅಗ್ನಿಶಾಮಕ ಪಂಪಿನ ಕೇಬಲ್ಲಿನದು. ಎಚ್‌ಎಫ್‌ಎಫ್‌ಆರ್ ಕಡಿಮೆ ಹೊಗೆ ಬಿಡುತ್ತದೆ, ಆದರೆ ಬೆಂಕಿಯಲ್ಲಿ ವಿದ್ಯುತ್ ಹರಿಸುತ್ತಲೇ ಇರುವುದಿಲ್ಲ. ಪಂಪ್, ಮೆಟ್ಟಿಲಿಗೆ ಗಾಳಿ ತುಂಬುವ ಫ್ಯಾನ್ ಮತ್ತು ಅಗ್ನಿಶಾಮಕ ಲಿಫ್ಟ್‌ಗೆ ಅಭ್ರಕದ ಟೇಪು ಸುತ್ತಿದ ಫೈರ್ ಸರ್ವೈವಲ್ ಕೇಬಲ್ ಬೇಕು; ಅದರ ದರದ ಪಟ್ಟಿಯನ್ನು ಪ್ರಶ್ನೋತ್ತರದ ವೇಳೆಗೆ ತಂದಿದ್ದೇನೆ.