ಸೀನಿಗೊಂದು ಮಾತು, ಹೊಸ್ತಿಲಿಗೊಂದು ಮಾತು

ಎಲ್ಲರಿಗೂ ನಮಸ್ಕಾರ.

ಬೌದ್ಧ ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯಪಿಟಕದಲ್ಲಿ, ಚುಲ್ಲವಗ್ಗ ಎಂಬ ಭಾಗದಲ್ಲಿ ಒಂದು ಪ್ರಸಂಗ ಬರುತ್ತದೆ. ಬುದ್ಧ ಉಪದೇಶ ಮಾಡುತ್ತಿರುವಾಗ ಸೀನಿದ. ಭಿಕ್ಷುಗಳೆಲ್ಲ ಒಟ್ಟಿಗೆ 'ಭಗವಂತ ಬಾಳಲಿ' ಎಂದು ಕೂಗಿದರು. ಆ ಗದ್ದಲಕ್ಕೆ ಉಪದೇಶ ನಿಂತುಹೋಯಿತು. ಆಗ ಬುದ್ಧ ಕೇಳಿದ: ಸೀನಿದಾಗ 'ಬಾಳು' ಎಂದರೆ, ಅದರಿಂದಾಗಿ ಯಾರಾದರೂ ಬದುಕುತ್ತಾರೆಯೇ, ಸಾಯುತ್ತಾರೆಯೇ? ಇಲ್ಲ ಎಂದರು. ಹಾಗಾದರೆ ಇನ್ನು ಮೇಲೆ ಹೇಳಬೇಡಿ ಎಂದ.

ಕಥೆ ಅಲ್ಲಿಗೇ ಮುಗಿದಿದ್ದರೆ ಇವತ್ತು ನನಗೆ ಮಾತಾಡಲು ಏನೂ ಇರುತ್ತಿರಲಿಲ್ಲ. ಮುಂದೆ ಭಿಕ್ಷುಗಳು ಸೀನಿದಾಗ ಜನ 'ಬಾಳಿ ಸ್ವಾಮಿ' ಎನ್ನುತ್ತಿದ್ದರು. ಭಿಕ್ಷುಗಳು ನಿಯಮ ನೆನೆದು ಬಾಯಿ ಬಿಡುತ್ತಿರಲಿಲ್ಲ. ಹರಸಿದರೆ ತಿರುಗಿ ಒಂದು ಮಾತೂ ಆಡುವುದಿಲ್ಲವಲ್ಲ ಎಂದು ಜನ ಗೊಣಗಿದರು. ಸುದ್ದಿ ತಿಳಿದ ಬುದ್ಧ ನಿಯಮ ಸಡಿಲಿಸಿದ: ಗೃಹಸ್ಥರಿಗೆ ಮಂಗಳದ ಮಾತು ಬೇಕು, ಅವರು ಹರಸಿದರೆ ನೀವೂ 'ಚಿರಂ ಜೀವ' ಎನ್ನಿ. ಮಾತಿನಿಂದ ಆಯಸ್ಸು ಹೆಚ್ಚದು ಎಂದು ತಿಳಿದವನೇ, ಉತ್ತರ ಕೊಡದಿದ್ದರೆ ಎದುರಿನವರಿಗೆ ನೋವಾಗುತ್ತದೆ ಎಂದೂ ಒಪ್ಪಿದ.

ನಮ್ಮ ಮನೆಗಳಲ್ಲಿ ಮಗು ಸೀನಿದರೆ 'ಚಿರಂಜೀವಿ', 'ನೂರು ವರ್ಷ ಬಾಳು' ಎನ್ನುವುದೂ ಅದೇ ಮಾತು. ಆದರೆ ಇದು ದೊಡ್ಡವರಿಂದ ಚಿಕ್ಕವರಿಗೆ ಇಳಿಯುವ ಮಾತು. ಮಾವನವರು ಸೀನಿದಾಗ ಸೊಸೆ 'ಚಿರಂಜೀವಿಯಾಗು' ಎಂದರೆ ಮನೆಯೆಲ್ಲ ನಗುತ್ತದೆ. ನೆಗಡಿಯಾಗಿ ಸಾಲಾಗಿ ಸೀನುತ್ತಿದ್ದರೆ ಪ್ರತಿಸಲವೂ ಹರಸುವುದು ಬೇಕಿಲ್ಲ, ಬಿಸಿನೀರು ಕೊಡಿ.

ಇದೇ ಸೀನು ಹೊರಡುವ ಹೊತ್ತಿಗೆ ಬಂದರೆ ಅರ್ಥವೇ ತಿರುಗುತ್ತದೆ. ಮಗಳು ಚೀಲ ಹಿಡಿದು ಹೊಸ್ತಿಲಲ್ಲಿದ್ದಾಳೆ, ಒಳಗೆ ಯಾರೋ ಒಂಟಿ ಸೀನು ಸೀನಿದರು ಎನ್ನಿ. ಯಾರೂ 'ಚಿರಂಜೀವಿ' ಎನ್ನುವುದಿಲ್ಲ. 'ಒಂದು ನಿಮಿಷ ಕೂತು, ನೀರು ಕುಡಿದು ಹೋಗಮ್ಮ' ಎನ್ನುತ್ತಾರೆ. ಎರಡನೇ ಸೀನು ಬಂದರೆ ಎಲ್ಲರಿಗೂ ನಿರಾಳ. ಶಕುನ ನಂಬದವರಿಗೂ ಆ ಒಂದು ನಿಮಿಷದಲ್ಲಿ ಮರೆತ ಚಾರ್ಜರ್ ನೆನಪಾಗುವುದುಂಟು!

ಆಮೇಲೆ ಅವಳು 'ಹೋಗ್ತೀನಿ' ಎನ್ನಬಾರದು, 'ಹೋಗಿ ಬರ್ತೀನಿ' ಎನ್ನಬೇಕು. ಉತ್ತರ 'ಹೋಗಿ ಬಾ', ಹಿರಿಯರಿಗಾದರೆ 'ಹೋಗಿ ಬನ್ನಿ'. ಬರಿಯ 'ಹೋಗು' ಎಂದರೆ ಅಟ್ಟಿದ ಹಾಗೆ. ಹೊರಟವರನ್ನು 'ಎಲ್ಲಿಗೆ?' ಎಂದು ಕೇಳುವುದನ್ನೂ ಹಿರಿಯರು ಒಪ್ಪುವುದಿಲ್ಲ. 'ದೂರ ಹೊರಟ್ರಾ?' ಎಂದು ಕೇಳಬಹುದು. ಪ್ರಶ್ನೆ ಅದೇ, ದಾರಿ ಬೇರೆ.

ಸಾವಿನ ಮನೆಯಲ್ಲಿ ಮಾತ್ರ ಈ ಮಾತು ನಡೆಯದು. ಅಲ್ಲಿ 'ಬರ್ತೀನಿ' ಎಂದರೆ ಇಂಥದೇ ಕಾರಣಕ್ಕೆ ಮತ್ತೆ ಬರುತ್ತೇನೆ ಎಂದಂತಾಗುತ್ತದೆ. ಬಾಯಿತಪ್ಪಿ ಹೇಳಿದವರು ಅರ್ಧಕ್ಕೇ ನಾಲಿಗೆ ಕಚ್ಚಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ. ಅಲ್ಲಿಂದ ಹೇಳದೆಯೇ ಎದ್ದು ಬರುತ್ತಾರೆ. ಮನೆಯವರೂ ಕಳಿಸಿಕೊಡಲು ಬಾಗಿಲವರೆಗೆ ಬರುವುದಿಲ್ಲ.